ಇಲ್ಲಿ ಬೆಳಗಾದರೆ ಅಲ್ಲಿ ಸಂಜೆ: ದೂರದಲ್ಲಿರುವ ಗಂಡ ಹೆಂಡತಿ ಮಾತಿಗೆ ಹೊತ್ತು ಹೊಂದಿಸಿಕೊಳ್ಳುವ ಬಗೆ

ನಾನು ಮೈಸೂರಿನಲ್ಲಿ ಬ್ಯಾಂಕ್ ಕೆಲಸದಲ್ಲಿದ್ದೇನೆ. ನಮ್ಮವರು ಅಮೆರಿಕದ ಸಿಯಾಟಲ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಎಚ್-4 ವೀಸಾ ಮೇಲೆ ನಾನೂ ಹೋಗಬಹುದು. ಆದರೆ ಅವರ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟುವವರೆಗೆ ನನಗೆ ಅಲ್ಲಿ ಕೆಲಸ ಮಾಡುವ ಅನುಮತಿ ಸಿಗುವುದಿಲ್ಲ. ಹಾಗಾಗಿ ಸದ್ಯಕ್ಕೆ ನಾನು ಇಲ್ಲಿ, ಅವರು ಅಲ್ಲಿ.

ಮೊದಲ ವರ್ಷ ನಮ್ಮ ನಡುವೆ ಆದ ಜಗಳಗಳನ್ನೆಲ್ಲ ಒಮ್ಮೆ ಕೂತು ನೆನಪು ಮಾಡಿಕೊಂಡೆ. ಮಾತಾಡಲು ಹೊತ್ತು ಸಾಲುತ್ತಿಲ್ಲ ಎಂಬುದೇ ಕಾರಣ ಎಂದುಕೊಂಡಿದ್ದೆ. ನೋಡಿದರೆ ಹಾಗಿರಲಿಲ್ಲ. ಒಂದು ರಾತ್ರಿ 9ಕ್ಕೆ ಫೋನ್ ಮಾಡುತ್ತೇನೆ ಎಂದಿದ್ದರು. ಊಟಕ್ಕೆ ಕೂರದೆ ಕಾದೆ. 9:50ಕ್ಕೆ ಫೋನ್ ಬಂತು, ಏನೋ ತುರ್ತು ಮೀಟಿಂಗ್ ಅಂತೆ. ಆಮೇಲೆ ಅರ್ಧ ಗಂಟೆ ಮಾತಾಡಿದೆವು, ಆದರೆ ನನ್ನ ಒಂದು ಮಾತೂ ನೆಟ್ಟಗೆ ಬರಲಿಲ್ಲ. ಅರ್ಧ ಗಂಟೆ ಸಿಕ್ಕಿತ್ತು ನಿಜ. ಆದರೆ ಅದಕ್ಕಿಂತ ಮೊದಲಿನ 50 ನಿಮಿಷ ನನ್ನನ್ನು ತಿಂದುಹಾಕಿತ್ತು. ನಮ್ಮ ಮುಕ್ಕಾಲು ಪಾಲು ಜಗಳ ಹೀಗೆ ಕಾದು ಕಾದು ಹುಟ್ಟಿದ್ದು.

ಅದಕ್ಕೇ ಹೇಳುತ್ತೇನೆ, ಇನ್ನೂ ಜಾಸ್ತಿ ಹೊತ್ತು ಎಲ್ಲಿಂದ ತರುವುದು ಎಂದು ಹುಡುಕಬೇಡಿ. ಇರುವ ಸ್ವಲ್ಪ ಹೊತ್ತು ಯಾವಾಗ ಎಂದು ಇಬ್ಬರಿಗೂ ಖಚಿತವಾಗಿ ಗೊತ್ತಿರುವಂತೆ ಮಾಡಿಕೊಳ್ಳಿ. ನಾವು ಮಾಡಿಕೊಂಡ ಕ್ರಮವನ್ನು ಲೆಕ್ಕದ ಸಮೇತ ಇಲ್ಲಿ ಬರೆದಿದ್ದೇನೆ. ನಿಮ್ಮ ಊರು, ನಿಮ್ಮ ಕೆಲಸ ಬೇರೆ ಇರಬಹುದು. ಲೆಕ್ಕ ಮಾಡುವ ಬಗೆ ಮಾತ್ರ ಇದೇ.

ಮೊದಲು ಎರಡು ಗಡಿಯಾರಗಳನ್ನು ಒಂದು ಹಾಳೆಯ ಮೇಲೆ ತನ್ನಿ

ಅಮೆರಿಕದ ಪಶ್ಚಿಮ ಕರಾವಳಿ, ಅಂದರೆ ಸಿಯಾಟಲ್, ಕ್ಯಾಲಿಫೋರ್ನಿಯಾ ಕಡೆ, ಮಾರ್ಚ್‌ನಿಂದ ನವೆಂಬರ್‌ವರೆಗಿನ ಅವರ ಬೇಸಿಗೆಯಲ್ಲಿ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ. ಬಾಯಿಲೆಕ್ಕ ಸುಲಭ. ಬೇಸಿಗೆಯಲ್ಲಿ ಬೆಳಗ್ಗೆಯನ್ನು ಸಂಜೆ ಮಾಡಿ, ಅರ್ಧ ಗಂಟೆ ಕಳೆಯಿರಿ. ನಮ್ಮ ಮಂಗಳವಾರ ಬೆಳಗ್ಗೆ 7 ಅವರಿಗೆ ಸೋಮವಾರ ಸಂಜೆ 6:30. ಚಳಿಗಾಲದಲ್ಲಿ ಅದೇ ರೀತಿ ತಿರುಗಿಸಿ ಒಂದೂವರೆ ಗಂಟೆ ಕಳೆಯಿರಿ. ಆಗ ಅದೇ 7 ಅವರಿಗೆ ಸಂಜೆ 5:30.

ಈಗ ಒಂದು ಹಾಳೆ ತೆಗೆದುಕೊಂಡು ಎರಡು ಸಾಲು ಮಾಡಿ. ಒಂದು ಕಡೆ ನಿಮ್ಮ ದಿನ, ಪಕ್ಕದಲ್ಲಿ ಅವರ ದಿನ. ಬರೀ ಆಫೀಸ್ ಹೊತ್ತು ಬರೆದರೆ ಸಾಲದು. ನಿದ್ದೆ, ಓಡಾಟ, ಅಡುಗೆ, ಮನೆಯವರಿಗೆ ಬಡಿಸುವುದು ಎಲ್ಲವನ್ನೂ ಬರೆಯಿರಿ. ಹೇಗಿರಬೇಕು ಎಂದಲ್ಲ, ಹೋದ ವಾರ ನಿಜವಾಗಿ ಹೇಗಿತ್ತೋ ಹಾಗೆ.

ನಮ್ಮ ಹಾಳೆ ಹೀಗಿತ್ತು. ನಾನು 5:30ಕ್ಕೆ ಏಳುತ್ತೇನೆ, 9:15ಕ್ಕೆ ಮನೆ ಬಿಡುತ್ತೇನೆ, ಸಂಜೆ 6:45ಕ್ಕೆ ವಾಪಸ್, ರಾತ್ರಿ 10:30ಕ್ಕೆ ನಿದ್ದೆ. ಅವರು 7ಕ್ಕೆ ಏಳುತ್ತಾರೆ, 8:30ಕ್ಕೆ ಬಸ್ ಹತ್ತುತ್ತಾರೆ, 9ಕ್ಕೆ ಆಫೀಸ್, ಸಂಜೆ 6:30ಕ್ಕೆ ಮನೆ. ಬೇಸಿಗೆಯ ಲೆಕ್ಕದಲ್ಲಿ ನನ್ನ ಬೆಳಗ್ಗೆ 7ರಿಂದ 9:15 ಇಬ್ಬರಿಗೂ ಬಿಡುವು. ರಾತ್ರಿ 7:30ರಿಂದ 9ರವರೆಗೆ ಅವರು ಎದ್ದು ಮನೆಯಲ್ಲೇ ಇರುತ್ತಾರೆ. ಕಾಗದದ ಮೇಲೆ ದಿನಕ್ಕೆ ಮೂರೂಮುಕ್ಕಾಲು ಗಂಟೆ ಸಿಕ್ಕಿತು.

ಆದರೆ ಬೆಳಗ್ಗೆ 7:45ರಿಂದ ನಮ್ಮ ಅಡುಗೆಮನೆಯಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಮಾವನಿಗೆ ತಿಂಡಿ, ನನ್ನ ಡಬ್ಬಿ, ನಲ್ಲಿ ನೀರು ಬರುವುದೂ ಆಗಲೇ. ರಾತ್ರಿ 7:30ರಿಂದ 9 ಎಂದರೆ ಇಲ್ಲಿ ಅಡುಗೆ, ಊಟ. ಅಲ್ಲಿ ಸ್ನಾನ, ಗಡಿಬಿಡಿ. ಇದನ್ನೆಲ್ಲ ಹೊಡೆದುಹಾಕಿದ ಮೇಲೆ ಉಳಿದದ್ದು ಬೆಳಗ್ಗೆ 7ರಿಂದ 7:45. ಇದರ ಜೊತೆಗೆ ನಾವು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದ ಇನ್ನೊಂದು ಹೊತ್ತು ಕಾಣಿಸಿತು. ರಾತ್ರಿ 9ರಿಂದ 9:30, ಅವರ ಬಸ್ಸಿನ ಅರ್ಧ ಗಂಟೆ. ಊಟ ಮುಗಿದು ಪಾತ್ರೆ ತೊಳೆದು ನಾನು ಮಹಡಿ ಹತ್ತುವ ಹೊತ್ತು ಅದು. ವಿಡಿಯೋ ಬೇಡ, ಬರೀ ಮಾತು. ಬಸ್ಸಿನಲ್ಲಿ ಅವರು ಮೆಲ್ಲಗೆ ಕನ್ನಡದಲ್ಲಿ ಮಾತಾಡಿದರೆ ಅಕ್ಕಪಕ್ಕದವರಿಗೆ ಏನೂ ಗೊತ್ತಾಗುವುದಿಲ್ಲ.

ಈ ಹಾಳೆಯಿಂದ ಇನ್ನೊಂದು ಒಳ್ಳೆಯದಾಯಿತು. "ನಿಮಗೆ ನನಗಾಗಿ ಹತ್ತು ನಿಮಿಷ ಇಲ್ವಾ?" ಎಂದು ಕೇಳುತ್ತಿದ್ದವಳಿಗೆ ಅವರ ದಿನ ಕಣ್ಣೆದುರು ಬಂತು. ಬೆಳಗ್ಗೆ ಎಂಟಕ್ಕೆ ನಾನು ಒಲೆಯ ಮುಂದೆ ಹೇಗಿರುತ್ತೇನೆ ಎಂದು ಅವರಿಗೂ ಮೊದಲ ಸಲ ಗೊತ್ತಾಯಿತು.

ದಿನಾ ಬೇಡ, ವಾರಕ್ಕೆ ಮೂರೋ ನಾಲ್ಕೋ ಸಾಕು

ಮೊದಲು ನಾವು ದಿನಾ ರಾತ್ರಿ ಮಾತಾಡಲೇಬೇಕು ಎಂದು ಹಟ ಹಿಡಿದಿದ್ದೆವು. ಎರಡು ತಿಂಗಳಲ್ಲಿ ಆ ಮಾತು ಏನಾಯಿತು ಗೊತ್ತಾ? "ಊಟ ಆಯ್ತಾ?" "ಆಯ್ತು. ನಿಮ್ಮ ತಿಂಡಿ?" "ಆಯ್ತು. ಮತ್ತೇನು?" "ಏನಿಲ್ಲ, ನೀವೇ ಹೇಳಿ." ಒಂದೇ ಕರೆಯಲ್ಲಿ "ಮತ್ತೇನು" ಮೂರು ಸಲ ಬಂದರೆ ತಿಳಿದುಕೊಳ್ಳಿ, ಆ ಕರೆ ಹಾಜರಿ ಹಾಕಲಿಕ್ಕೆ ಮಾತ್ರ ಉಳಿದಿದೆ. ಇನ್ನೊಂದು ಗುರುತು, ಫೋನ್ ಬಂದ ತಕ್ಷಣ ಖುಷಿಗಿಂತ ಮೊದಲು ಗಡಿಯಾರ ನೋಡುವುದು.

ಈಗ ವಾರದ ದಿನಗಳಲ್ಲಿ ಎರಡೇ ಕರೆ. ಮಂಗಳವಾರ ಮತ್ತು ಗುರುವಾರ ರಾತ್ರಿ 9ಕ್ಕೆ, ಬಸ್ಸಿನ ಅರ್ಧ ಗಂಟೆ. ಭಾನುವಾರ ಬೆಳಗ್ಗೆ 7ರಿಂದ 8:30 ದೊಡ್ಡ ಕರೆ. ಅವರಿಗೆ ಅದು ಶನಿವಾರ ಸಂಜೆ 6:30. ಪಶ್ಚಿಮ ಕರಾವಳಿಯವರಿಗೆ ವಾರದಲ್ಲೇ ಅತಿ ಒಳ್ಳೆಯ ಹೊತ್ತು ಇದು. ಇಬ್ಬರಿಗೂ ರಜೆ, ಇಬ್ಬರೂ ಎಚ್ಚರ, ಅವರಿಗೆ ಮರುದಿನವೂ ರಜೆ. ನಮ್ಮ ಸೋಮವಾರ ಬೆಳಗ್ಗೆ ಅವರಿಗೆ ಭಾನುವಾರ ಸಂಜೆ. ಅವರು ಆರಾಮವಾಗಿರುತ್ತಾರೆ, ನಮಗೆ ಓಟ. ಅದನ್ನು ನಂಬಬೇಡಿ. ಇನ್ನು ನಮ್ಮ ಶನಿವಾರ ಬೆಳಗ್ಗೆ ಅವರಿಗೆ ಶುಕ್ರವಾರ ಸಂಜೆ. ಬ್ಯಾಂಕಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ ಇರುವುದರಿಂದ ತಿಂಗಳಿಗೆ ಎರಡು ಸಲ ನಮಗೆ ಅದೂ ಸಿಗುತ್ತದೆ.

ಹೊತ್ತು ಆರಿಸುವಾಗ ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿರಿ. ನಿದ್ದೆಗೆ ಕೈ ಹಾಕಬೇಡಿ. ಪ್ರೀತಿಗಾಗಿ ರಾತ್ರಿ 12ರವರೆಗೆ ಕೂರುವುದು ಒಂದೆರಡು ವಾರ ಚೆನ್ನಾಗಿರುತ್ತದೆ. ಆಮೇಲೆ ಕೌಂಟರ್‌ನಲ್ಲಿ ಹಣ ಎಣಿಸುವಾಗ ಕಣ್ಣು ಮುಚ್ಚುತ್ತದೆ. ಆ ಸಿಟ್ಟು ಮರುದಿನದ ಕರೆಯಲ್ಲಿ ಅವರ ಮೇಲೇ ಬರುತ್ತದೆ. ಯಾರಾದರೂ ಬಗ್ಗಲೇಬೇಕು ಎಂದಾದರೆ ಒಂದು ತಿಂಗಳು ನೀವು, ಒಂದು ತಿಂಗಳು ಅವರು. ಅದನ್ನು ಬಾಯಿಬಿಟ್ಟು ಮಾತಾಡಿಕೊಳ್ಳಿ. ಸುಮ್ನೆ ತ್ಯಾಗ ಮಾಡಿ ಮನಸ್ಸಿನಲ್ಲೇ ಲೆಕ್ಕ ಇಟ್ಟುಕೊಂಡರೆ ಅದು ಬಡ್ಡಿ ಸಮೇತ ಹೊರಗೆ ಬರುತ್ತದೆ.

ಮನೆಯವರ ಕರೆ ಬೇರೆ, ನಿಮ್ಮಿಬ್ಬರ ಕರೆ ಬೇರೆ

ನಾನು ಅತ್ತೆ ಮಾವನ ಜೊತೆ ಇದ್ದೇನೆ. ಒಬ್ಬನೇ ಮಗ, ಅವರಿಗೂ ಆಸೆ ಇರುತ್ತದೆ ಅಲ್ವಾ? ಆದರೆ ಮೊದಲು ನಡೆಯುತ್ತಿದ್ದದ್ದು ಹೀಗೆ. ನಾನು ಹಲೋ ಎಂದ ಕೂಡಲೇ ಅತ್ತೆ, "ಯಾರು, ಮಗನಾ? ಕೊಡು ಇಲ್ಲಿ ಸ್ವಲ್ಪ" ಎನ್ನುವರು. ಆಮೇಲೆ ಮಾವ. ಅಷ್ಟರಲ್ಲಿ ಪಕ್ಕದ ಮನೆಯವರು ಬಂದಿದ್ದರೆ ಅವರೂ ಒಂದು ಮಾತು. 40 ನಿಮಿಷದ ಕರೆಯಲ್ಲಿ ಫೋನ್ ನನ್ನ ಕೈಗೆ ವಾಪಸ್ ಬರುವಾಗ 8 ನಿಮಿಷ ಉಳಿದಿರುತ್ತಿತ್ತು. ನಡುಮನೆಯಲ್ಲಿ ನಿಂತು ಗಂಡನ ಹತ್ತಿರ ಏನು ಮಾತಾಡುವುದು?

ಇದನ್ನು ಬಿಡಿಸಬೇಕಾದವರು ಮಗ, ಸೊಸೆಯಲ್ಲ. ಸೊಸೆ ಹೇಳಿದರೆ ಬೇರೆ ಅರ್ಥವೇ ಆಗುತ್ತದೆ. ನಮ್ಮವರೇ ಅಮ್ಮನಿಗೆ ಹೇಳಿದರು. "ಅಮ್ಮಾ, ಶನಿವಾರ ರಾತ್ರಿ ಎಂಟೂವರೆ ನಿನ್ನ ಹೊತ್ತು. ಪ್ರತಿ ವಾರ ನಾನೇ ನಿನ್ನ ಫೋನಿಗೆ ಮಾಡ್ತೀನಿ. ಅಪ್ಪನನ್ನೂ ಕೂರಿಸಿಕೋ." ಅವರಿಗೆ ಅದು ಶನಿವಾರ ಬೆಳಗ್ಗೆ 8, ರಜೆ. ನನ್ನ ಫೋನಿಗಲ್ಲ, ಅಮ್ಮನ ಫೋನಿಗೆ ಎಂಬುದು ಇಲ್ಲಿ ಮುಖ್ಯ. ಅತ್ತೆಗೆ ತಮ್ಮದೇ ಹೊತ್ತು ಇದೆ ಎಂದಾದ ಮೇಲೆ ನನ್ನ ಕರೆಯಲ್ಲಿ ಕೈ ಚಾಚುವುದು ತಾನಾಗಿ ನಿಂತಿತು. ಈಗ ಶನಿವಾರ ಎಂಟು ಗಂಟೆಗೇ ಊಟ ಮುಗಿಸಿ ಕನ್ನಡಕ ಹಾಕಿಕೊಂಡು ಕೂತಿರುತ್ತಾರೆ.

ಮನೆ ಲೆಕ್ಕವನ್ನೂ ಹೀಗೇ ಬೇರೆ ಮಾಡಿ. ಒಂದು ಭಾನುವಾರ ನಮ್ಮ ಒಂದೂವರೆ ಗಂಟೆಯಲ್ಲಿ ಮೋಟಾರ್ ರಿಪೇರಿ, ಕಂದಾಯ, ಮಾವನ ಶುಗರ್ ಟೆಸ್ಟ್, ಗೃಹಸಾಲದ ಕಂತು ಇಷ್ಟರಲ್ಲೇ ಒಂದು ಗಂಟೆ ಹೋಯಿತು. ಈಗ ಇಬ್ಬರ ಫೋನಿನಲ್ಲೂ ತೆರೆಯುವ ಒಂದೇ ಪಟ್ಟಿ ಇಟ್ಟಿದ್ದೇವೆ. ವಾರದಲ್ಲಿ ಏನು ಬಂದರೂ ಅದರಲ್ಲಿ ಬರೆಯುತ್ತೇನೆ. ಪಕ್ಕದಲ್ಲಿ "ನೀವು ಹೇಳಬೇಕು" ಅಥವಾ "ಬರೀ ತಿಳಿದಿರಲಿ" ಎಂದು ಹಾಕುತ್ತೇನೆ. ಅವರು ಬಿಡುವಾದಾಗ ಉತ್ತರ ಬರೆಯುತ್ತಾರೆ. ಬರೆದು ಬಗೆಹರಿಯದ್ದು ಮಾತ್ರ ಭಾನುವಾರ ಕೊನೆಯ 15 ನಿಮಿಷಕ್ಕೆ. ಮೊದಲ 15 ನಿಮಿಷಕ್ಕೆ ಇಟ್ಟರೆ ಅದು ಪೂರ್ತಿ ಕರೆಯನ್ನೇ ನುಂಗುತ್ತದೆ, ನಾವು ನೋಡಿದ್ದೇವೆ.

ಕರೆ ಇಲ್ಲದ ದಿನ ದನಿ ಕಳುಹಿಸಿ

ಸೋಮವಾರ, ಬುಧವಾರ, ಶುಕ್ರವಾರ ನಾವು ಮಾತಾಡುವುದಿಲ್ಲ. ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳುಹಿಸುತ್ತೇವೆ. ನಾನು ಮಲಗುವ ಮುಂಚೆ ಹೇಳಿದ್ದನ್ನು ಅವರು ಸಂಜೆ ಮನೆಗೆ ಬರುವಾಗ ಬಸ್ಸಿನಲ್ಲಿ ಕೇಳುತ್ತಾರೆ. ಅವರು ರಾತ್ರಿ ಹೇಳಿದ್ದು ನನಗೆ ಮಧ್ಯಾಹ್ನ ಊಟದ ಹೊತ್ತಿಗೆ ಸಿಗುತ್ತದೆ. ಇಬ್ಬರೂ ಒಟ್ಟಿಗೆ ಬಿಡುವಾಗಿರಬೇಕು ಎಂಬ ತಾಪತ್ರಯವೇ ಇಲ್ಲ.

ಮೂರು ನಿಮಿಷ ಮೀರಬೇಡಿ. ದಿನದ ವರದಿ ಒಪ್ಪಿಸಬೇಡಿ, ಒಂದೇ ಒಂದು ಸಂಗತಿ ಹೇಳಿ. ದೇವರಾಜ ಮಾರುಕಟ್ಟೆಯಲ್ಲಿ ಹೂವಿನವರ ಕೂಗಿನ ನಡುವೆ ನಿಂತು ಹೇಳಿದ ಒಂದು ನಿಮಿಷ ಅವರಿಗೆ ತುಂಬಾ ಹಿಡಿಸಿತ್ತು, ಹಿಂದಿನ ಸದ್ದನ್ನೇ ಎರಡು ಸಲ ಕೇಳಿದೆ ಎಂದರು. ಉತ್ತರ ಬೇಕಿದ್ದರೆ ಮೊದಲ ವಾಕ್ಯದಲ್ಲೇ ಹೇಳಿಬಿಡಿ. ಇಲ್ಲದಿದ್ದರೆ ಒಬ್ಬರು ಉತ್ತರಕ್ಕೆ ಕಾಯುತ್ತಾರೆ, ಇನ್ನೊಬ್ಬರಿಗೆ ಅದು ಗೊತ್ತೇ ಇರುವುದಿಲ್ಲ. ಮತ್ತೆ ಅದೇ ಕಾಯುವ ಕಾಟ.

ದೂರು ಮಾತ್ರ ಈ ದಾರಿಯಲ್ಲಿ ಕಳುಹಿಸಬೇಡಿ. ಎದುರಿಗಿದ್ದರೆ ಅರ್ಧಕ್ಕೆ ಮುಖ ನೋಡಿ ದನಿ ತಗ್ಗಿಸುತ್ತೇವೆ. ರೆಕಾರ್ಡ್ ಮಾಡುವಾಗ ತಡೆಯುವವರು ಯಾರೂ ಇರುವುದಿಲ್ಲ. ಅವರು ಅದನ್ನು ಮೂರು ಸಲ ಕೇಳುತ್ತಾರೆ, ಪ್ರತಿ ಸಲವೂ ಅದು ಇನ್ನಷ್ಟು ಕಟುವಾಗಿ ಕೇಳಿಸುತ್ತದೆ.

ಕರೆ ತಪ್ಪಿದಾಗ ಏನು ಮಾಡಬೇಕು

ಎಷ್ಟು ಹೊಂದಿಸಿದರೂ ಕರೆ ತಪ್ಪುತ್ತದೆ. ಅವರಿಗೆ ಆನ್-ಕಾಲ್ ವಾರ ಬಂದರೆ ಆಫೀಸಿನಿಂದ ಯಾವ ಹೊತ್ತಿಗೂ ಕರೆ ಬರಬಹುದು. ನನಗೆ ಮಾರ್ಚ್ ಕೊನೆಯ ವಾರ ಲೆಕ್ಕ ಮುಗಿಸುವ ಕೆಲಸ, ಮನೆಗೆ ಬರುವುದೇ ತಡ. ಇಂಥ ವಾರಗಳು ಮೊದಲೇ ಗೊತ್ತಿರುತ್ತವೆ. ಅವನ್ನು ತಿಂಗಳ ಮೊದಲ ಭಾನುವಾರವೇ ಗುರುತು ಹಾಕಿಕೊಂಡು, ಆ ವಾರ ಭಾನುವಾರದ ಕರೆ ಒಂದನ್ನೇ ಉಳಿಸಿಕೊಳ್ಳುತ್ತೇವೆ.

ಗೊತ್ತಿಲ್ಲದೆ ತಪ್ಪುವ ದಿನಕ್ಕೆ ನಮ್ಮ ಕಟ್ಟಳೆ ಇಷ್ಟೇ. ಆಗುವುದಿಲ್ಲ ಎಂದು ಗೊತ್ತಾದ ಕ್ಷಣವೇ ಒಂದು ಸಾಲು ಕಳುಹಿಸಬೇಕು, ಅದರಲ್ಲಿ ಬದಲಿ ಹೊತ್ತು ಇರಲೇಬೇಕು. "ಮೀಟಿಂಗ್ ಎಳೆಯುತ್ತಿದೆ, ಇವತ್ತು ಆಗಲ್ಲ. ನಾಳೆ ನಿನ್ನ ಬೆಳಗ್ಗೆ 7ಕ್ಕೆ." ಬರೀ "ಆಮೇಲೆ ಮಾಡ್ತೀನಿ" ಎಂದರೆ ಅದು ಲೆಕ್ಕಕ್ಕಿಲ್ಲ. ಆಮೇಲೆ ಎಂದರೆ ಇನ್ನೊಬ್ಬರ ಇಡೀ ಸಂಜೆ ಕಟ್ಟಿಹಾಕಿದ ಹಾಗೆ. ಸುದ್ದಿಯೇ ಬರದಿದ್ದರೆ ಹತ್ತು ನಿಮಿಷ ಕಾಯುವುದು, ಆಮೇಲೆ ಎದ್ದು ನಮ್ಮ ಕೆಲಸಕ್ಕೆ ಹೋಗುವುದು. ಇದು ಶಿಕ್ಷೆಯಲ್ಲ ಎಂದು ಮೊದಲೇ ಇಬ್ಬರೂ ಒಪ್ಪಿಕೊಂಡಿರಬೇಕು. ಬದಲಿ ಹೊತ್ತು ಯಾವುದು ಎಂದು ಹಾಳೆಯಲ್ಲೇ ಬರೆದಿಟ್ಟುಕೊಂಡರೆ ಆ ಗಡಿಬಿಡಿಯಲ್ಲಿ ಯೋಚಿಸುವ ಕೆಲಸ ಇರುವುದಿಲ್ಲ. ನಮ್ಮ ಬದಲಿ ಹೊತ್ತು ಮರುದಿನ ಬೆಳಗ್ಗೆ 7ರಿಂದ 7:20.

ಜಗಳ ಅರ್ಧಕ್ಕೆ ನಿಂತರೆ

ಹನ್ನೆರಡೂವರೆ ಗಂಟೆಯ ಅಂತರದಲ್ಲಿ ಜಗಳಕ್ಕೆ ಬೇರೆಯದೇ ಒಂದು ಕಷ್ಟವಿದೆ. ರಾತ್ರಿ 9:25ಕ್ಕೆ ನಾನು ಏನೋ ಅಂದೆ, ಅವರ ಬಸ್ ನಿಂತಿತು, ಫೋನ್ ಇಟ್ಟರು. ಅವರಿಗೆ ಮುಂದೆ ಇಡೀ ದಿನದ ಕೆಲಸ, ಮರೆತೂ ಹೋಗಬಹುದು. ನನಗೆ ಮುಂದೆ ಇಡೀ ರಾತ್ರಿ. ಕತ್ತಲಲ್ಲಿ ಲಾಸ್ಟ್ ಸೀನ್ ನೋಡುತ್ತಾ ಮಲಗಿರುತ್ತೇನೆ. ಆನ್‌ಲೈನ್ ಇದ್ದಾರೆ, ನನಗೆ ಉತ್ತರ ಇಲ್ಲ. ಬೆಳಗ್ಗೆ ಎದ್ದಾಗ ನನ್ನ ಮನಸ್ಸಿನಲ್ಲಿ ಆ ಜಗಳ ಹತ್ತರಷ್ಟು ಬೆಳೆದಿರುತ್ತದೆ, ಅವರಿಗೆ ಅದರ ನೆನಪೂ ಮಸುಕಾಗಿರುತ್ತದೆ.

ಹಾಗಾಗಿ ಕರೆಯ ಕೊನೆಯ ಹತ್ತು ನಿಮಿಷದಲ್ಲಿ ಭಾರದ ವಿಷಯ ತೆಗೆಯಬೇಡಿ. ಬಸ್ಸಿನ ಕರೆಯಲ್ಲಂತೂ ಬೇಡವೇ ಬೇಡ. "ಒಂದು ವಿಷಯ ಮನಸ್ಸಿನಲ್ಲಿದೆ, ಭಾನುವಾರ ಮಾತಾಡೋಣ" ಎಂದರೆ ಸಾಕು. ವಿಷಯ ಯಾವುದು ಎಂದೂ ಹೇಳಿ. ಬರೀ "ಮಾತಾಡಬೇಕು" ಎಂದು ಬಿಟ್ಟರೆ ಅವರು ಐದು ದಿನ ಹೆದರುತ್ತಾರೆ. ಅಷ್ಟಾದರೂ ಜಗಳ ಅರ್ಧಕ್ಕೆ ಕಡಿದರೆ, ಎಚ್ಚರವಾಗಿರುವವರು ಮೊದಲು ಒಂದು ಸಾಲು ಹಾಕಬೇಕು. "ವಿಷಯ ಮುಗಿದಿಲ್ಲ, ಗೊತ್ತು. ನಾಳೆ ನಿನ್ನ ಬೆಳಗ್ಗೆ 7ಕ್ಕೆ ಮಾಡ್ತೀನಿ. ಈಗ ಮಲಗು." ಈ ಸಾಲು ಬಂದ ರಾತ್ರಿಗಳಲ್ಲಿ ನನಗೆ ನಿದ್ದೆ ಬಂದಿದೆ. ಬರದ ರಾತ್ರಿಗಳಲ್ಲಿ ಬಂದಿಲ್ಲ.

ಗಡಿಯಾರ ಬದಲಾಗುವ ಎರಡು ಭಾನುವಾರ

ಇಷ್ಟೆಲ್ಲ ಹೊಂದಿಸಿ ಆರಾಮವಾಗಿದ್ದೆವು. ನವೆಂಬರ್ ಬಂದ ಕೂಡಲೇ ಎಲ್ಲ ಕೆಟ್ಟಿತು. ಯಾಕೆ ಎಂದು ಗೊತ್ತಾಗಲು ಎರಡು ವಾರ ಬೇಕಾಯಿತು.

ಅಮೆರಿಕದಲ್ಲಿ ನವೆಂಬರ್ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ, ಮಾರ್ಚ್ ಎರಡನೇ ಭಾನುವಾರ ಒಂದು ಗಂಟೆ ಮುಂದಕ್ಕೆ ಇಡುತ್ತಾರೆ. 2026ರಲ್ಲಿ ನವೆಂಬರ್ 1ಕ್ಕೆ ಬದಲಾವಣೆ. ಅವರ ನಸುಕಿನ 2 ಗಂಟೆಗೆ ಇದು ಆಗುವುದರಿಂದ ನಮಗೆ ಆ ಭಾನುವಾರ ಮಧ್ಯಾಹ್ನ 2:30ರ ನಂತರ ಲೆಕ್ಕ ಬದಲಾಗುತ್ತದೆ. ಅಂದರೆ ಅಂದು ಬೆಳಗಿನ ದೊಡ್ಡ ಕರೆ ಹಳೆಯ ಲೆಕ್ಕದಲ್ಲೇ ನಡೆಯುತ್ತದೆ, ಮಂಗಳವಾರದ ಕರೆ ತಪ್ಪುತ್ತದೆ.

ಚಳಿಗಾಲದಲ್ಲಿ ಅವರ ಬಸ್ಸಿನ 8:30 ನನಗೆ ರಾತ್ರಿ 10. ಅರ್ಧ ಗಂಟೆಯಲ್ಲಿ ನನ್ನ ನಿದ್ದೆಯ ಹೊತ್ತು. ಬೆಳಗ್ಗೆ 7ಕ್ಕೆ ಅವರಿಗೆ 5:30, ಇನ್ನೂ ಆಫೀಸಿನಲ್ಲಿರುತ್ತಾರೆ. ಅವರು ಮನೆಗೆ ಬರುವಾಗ ನನಗೆ 8, ಒಲೆಯ ಮೇಲೆ ದೋಸೆ ಕಾವಲಿ. ಬೇಸಿಗೆಯ ವಾರದ ದಿನಗಳ ಎರಡೂ ಹೊತ್ತು ಕೈತಪ್ಪಿದವು. ಅದು ಗೊತ್ತಿಲ್ಲದೆ ನಾನು, ಇವರಿಗೆ ನನ್ನಲ್ಲಿ ಆಸಕ್ತಿಯೇ ಕಡಿಮೆಯಾಯಿತು ಎಂದುಕೊಂಡಿದ್ದೆ.

ಈಗ ಅಕ್ಟೋಬರ್ ಕೊನೆಯ ಭಾನುವಾರ ಹೊಸ ಹಾಳೆ ಬರೆಯುತ್ತೇವೆ. ಚಳಿಗಾಲದಲ್ಲಿ ರಾತ್ರಿಯ ಕರೆ ನನ್ನ 9ಕ್ಕೇ ಇರುತ್ತದೆ, ಆದರೆ ಅವರಿಗೆ ಆಗ ಬೆಳಗ್ಗೆ 7:30. ಬಸ್ಸಿನಲ್ಲಲ್ಲ, ಮನೆಯಲ್ಲಿ, ಕಾಫಿ ಕುಡಿಯುವಾಗ. 20 ನಿಮಿಷವೇ ಸಿಗುವುದು, ಆದರೆ ಮುಖ ನೋಡಬಹುದು. ತಪ್ಪಿದ ಕರೆಗೆ ಮರುದಿನ ಬೆಳಗ್ಗೆ ಎಂಬ ಬದಲಿ ಹೊತ್ತು ನಡೆಯುವುದಿಲ್ಲ. ಮರುದಿನ ರಾತ್ರಿ 9 ಎಂದು ಬರೆದುಕೊಳ್ಳುತ್ತೇವೆ. ಭಾನುವಾರದ ದೊಡ್ಡ ಕರೆಗೆ ತೊಂದರೆಯಿಲ್ಲ. 7:30ಕ್ಕೆ ಶುರು ಮಾಡಿದರೆ ಅವರಿಗೆ ಶನಿವಾರ ಸಂಜೆ 6. ಎರಡು ಗಂಟೆಗೆ ಹಿಗ್ಗಿಸುತ್ತೇವೆ, ವಾರದಲ್ಲಿ ಕಡಿಮೆಯಾದದ್ದು ಸ್ವಲ್ಪ ತುಂಬುತ್ತದೆ.

ಬೇರೆ ದೇಶದವರಿಗೆ ಈ ಹಂತ ಹಗುರ. ಬ್ರಿಟನ್ ಬೇಸಿಗೆಯಲ್ಲಿ ನಾಲ್ಕೂವರೆ, ಚಳಿಗಾಲದಲ್ಲಿ ಐದೂವರೆ ಗಂಟೆ ಹಿಂದೆ. ಅಲ್ಲಿ ಬದಲಾವಣೆ ಮಾರ್ಚ್ ಮತ್ತು ಅಕ್ಟೋಬರ್ ಕೊನೆಯ ಭಾನುವಾರಗಳಲ್ಲಿ. ದುಬೈ ವರ್ಷವಿಡೀ ಒಂದೂವರೆ ಗಂಟೆ ಹಿಂದೆ, ಬದಲಾವಣೆಯೇ ಇಲ್ಲ. ಅಲ್ಲಿನವರಿಗೆ ತೊಂದರೆ ಕೊಡುವುದು ಗಡಿಯಾರಕ್ಕಿಂತ ಪಾಳಿ ಕೆಲಸ. ಪಾಳಿ ಪಟ್ಟಿ ಬಂದ ದಿನವೇ ಅದರ ಫೋಟೊ ಕಳುಹಿಸಿ, ಆ ಪಟ್ಟಿಗೆ ತಕ್ಕ ಹಾಗೆ ಹಾಳೆ ಬರೆಯಿರಿ.

ಹಾಳೆಯಿಂದ ಬಗೆಹರಿಯದ್ದು

ಈ ಕ್ರಮವನ್ನು ಒಂದೂವರೆ ತಿಂಗಳು ನಡೆಸಿ ನೋಡಿ. ಪ್ರತಿ ಭಾನುವಾರ ತಪ್ಪಿದ ಕರೆಗಳಿಗೆ ಗೀಟು ಹಾಕಿ, ಯಾರಿಂದ ಮತ್ತು ಯಾಕೆ ಎಂದು ಪಕ್ಕದಲ್ಲಿ ಬರೆಯಿರಿ. ಕಾರಣಗಳು ಬೇರೆ ಬೇರೆ ಇದ್ದು, ಬದಲಿ ಕರೆ ನಡೆದಿದ್ದರೆ ಚಿಂತೆ ಬೇಡ. ಗೀಟುಗಳೆಲ್ಲ ಒಬ್ಬರ ಕಡೆಯೇ ಇದ್ದು, ಬದಲಿ ಹೊತ್ತನ್ನೂ ಅವರು ಕೊಡದೆ ಇದ್ದರೆ ಕಷ್ಟ ಗಡಿಯಾರದ್ದಲ್ಲ. ಹೊತ್ತನ್ನು ಇನ್ನೂ ಸರಿಸುತ್ತಾ ಕೂರಬೇಡಿ. ಆ ಹಾಳೆಯನ್ನು ಎದುರಿಗಿಟ್ಟುಕೊಂಡು, "ಮಾತಾಡಲು ಆಗ್ತಿಲ್ವಾ, ಇಷ್ಟವಿಲ್ವಾ?" ಎಂದು ನೇರವಾಗಿ ಕೇಳಿ. ಊಟ ನಿದ್ದೆ ಕೆಟ್ಟು ವಾರಗಳೇ ಆಗಿದ್ದರೆ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. ಮಾನಸಿಕ ಆರೋಗ್ಯಕ್ಕಾಗಿ ಇರುವ ಸರ್ಕಾರದ ಉಚಿತ ಸಹಾಯವಾಣಿ ಅದು, ಕನ್ನಡದಲ್ಲೇ ಮಾತಾಡುತ್ತಾರೆ.

ಈ ದೂರ ಎಲ್ಲಿಯವರೆಗೆ ಎಂಬ ಮಾತನ್ನು ವರ್ಷಕ್ಕೆ ಎರಡು ಸಲವಾದರೂ ತೆಗೆಯಿರಿ. ನಾವು ಅದಕ್ಕೆ ಗಡಿಯಾರ ಬದಲಾಗುವ ಆ ಎರಡು ಭಾನುವಾರಗಳನ್ನೇ ಇಟ್ಟುಕೊಂಡಿದ್ದೇವೆ. ಹೊಸ ಹಾಳೆ ಬರೆದ ಮೇಲೆ, ಅವರ ಅರ್ಜಿ ಎಲ್ಲಿಗೆ ಬಂತು, ಮುಂದಿನ ಭೇಟಿ ಯಾವಾಗ ಎಂದು ಅದೇ ಹಾಳೆಯ ಹಿಂದೆ ದಿನಾಂಕ ಬರೆಯುತ್ತೇವೆ. ಹೋದ ಮಾರ್ಚ್‌ನ ಹಾಳೆಯ ಹಿಂದೆ ದಸರೆ ರಜೆ ಎಂದಿದೆ.